ನಡುವಿನ ನಾಲ್ಕು ಗಂಟೆಗೆ ಸಾಕ್ಷಿ ಯಾರು?

ಕಾನೂನು ಕಾಲೇಜಿನ ಅಣಕು ನ್ಯಾಯಾಲಯಕ್ಕೆ ಇಂಥದೊಂದು ಕೊಲೆ ಪ್ರಕರಣ ಕೊಟ್ಟಿದ್ದಾರೆ ಎಂದುಕೊಳ್ಳಿ. ರಾತ್ರಿ 8ಕ್ಕೆ ಆರೋಪಿ ಮತ್ತು ಮೃತ ಇಬ್ಬರೂ ಬಸ್ ನಿಲ್ದಾಣದ ಬಳಿ ಚಹಾ ಕುಡಿದರು. ಬೆಳಿಗ್ಗೆ ಕೆರೆ ಏರಿಯಲ್ಲಿ ಶವ ಸಿಕ್ಕಿತು. ಸಾವು ನಡುರಾತ್ರಿ 12ರಿಂದ 2ರ ಒಳಗೆ ಆಗಿದೆ ಎಂಬುದು ವೈದ್ಯರ ಅಭಿಪ್ರಾಯ. ಕೊಲೆಯನ್ನು ಕಣ್ಣಾರೆ ಕಂಡವರಿಲ್ಲ. ಆರೋಪಿ ತೋರಿಸಿದನೆಂದು ಪೊಲೀಸರು ವಶಪಡಿಸಿಕೊಂಡ ಚಾಕುವಿನ ಮೇಲೆ ರಕ್ತದ ಕಲೆಯಿಲ್ಲ.

ಆರೋಪಿ ಪರ ಅಂತಿಮ ವಾದಕ್ಕೆ ನಿಂತ ವಿದ್ಯಾರ್ಥಿ ಸಾಮಾನ್ಯವಾಗಿ ಎಲ್ಲವನ್ನೂ ಹೇಳಲು ಹೊರಡುತ್ತಾನೆ: ದೂರು ತಡವಾಯಿತು, ಸಾಕ್ಷಿ ಮೃತನ ನೆಂಟ, ಮಹಜರಿನ ಸಹಿ ಸರಿಯಿಲ್ಲ. ನ್ಯಾಯಾಧೀಶರು ಒಂದು ಪ್ರಶ್ನೆ ಕೇಳಿದೊಡನೆ ಎಳೆ ಕೈತಪ್ಪುತ್ತದೆ. ಈ ಪ್ರಕರಣದ ಜೀವ ಇರುವುದು ಒಂದೇ ಕಡೆ, ಆ ನಾಲ್ಕು ಗಂಟೆಯಲ್ಲಿ. ಶರದ್ ಬಿರ್ದಿಚಂದ್ ಸಾರ್ದಾ ಪ್ರಕರಣದಲ್ಲಿ (1984) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸಾಂದರ್ಭಿಕ ಸಾಕ್ಷ್ಯದ ಸರಪಳಿ ಪೂರ್ತಿಯಾಗಿರಬೇಕು, ಆರೋಪಿಯನ್ನು ಬಿಟ್ಟು ಬೇರೆಯವರು ಮಾಡಿರಬಹುದೆಂಬ ಸಮಂಜಸ ಸಾಧ್ಯತೆ ಉಳಿಯಬಾರದು.

ಇನ್ನು ಲಯ. ನಮ್ಮ ಕೋರ್ಟಿನ ಕಾಗದದ ಕನ್ನಡ ‘ಕಂಡುಬಂದಿರುತ್ತದೆ’ ಎಂದು ಎಳೆಯುತ್ತದೆ. ಕಿವಿಗೆ ‘ಕಂಡರು’ ಸಾಕು.

“ಮಹಾಸ್ವಾಮಿ, ಎಂಟಕ್ಕೆ ಇಬ್ಬರೂ ಕಂಡರು. ಸಾವು ಬಂದದ್ದು ಹನ್ನೆರಡರ ನಂತರ. ನಡುವಿನ ನಾಲ್ಕು ಗಂಟೆಗೆ ಸಾಕ್ಷಿ ಯಾರು?”

ಪ್ರಶ್ನೆಯ ಪದ ಕೊನೆಗೆ ಬಿದ್ದಾಗ ಭಾರ ಅದರ ಮೇಲೆ ನಿಲ್ಲುತ್ತದೆ. ಅಲ್ಲಿ ಒಂದು ಉಸಿರು ತಡೆಯಬೇಕು. ಚಹಾ ಅಂಗಡಿಯವನ ಪಾಟೀಸವಾಲನ್ನು ಹೇಳಿ ಮುಗಿಸುವಾಗ ಅದೇ ಪ್ರಶ್ನೆ ಮತ್ತೆ ಬರಲಿ: “ಇಬ್ಬರೂ ಎತ್ತ ಹೋದರೆಂದು ತನಗೆ ಗೊತ್ತಿಲ್ಲ ಎಂದ. ಹಾಗಾದರೆ ಸಾಕ್ಷಿ ಯಾರು?” ಚಾಕುವಿನ ಮಾತನ್ನೂ ಇದೇ ಎಳೆಗೆ ಕಟ್ಟಬಹುದು: “ರಕ್ತವಿಲ್ಲದ ಈ ಚಾಕು ಆ ನಾಲ್ಕು ಗಂಟೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.” ಮೂರನೆಯ ಸಲ ಕೊನೆಯಲ್ಲಿ ಕೇಳಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಗಿಳಿಪಾಠ.

ನ್ಯಾಯಾಧೀಶರು ಖಂಡಿತ ಕೇಳುವ ಪ್ರಶ್ನೆ ಒಂದಿದೆ: “ಮೃತನನ್ನು ಬಿಟ್ಟು ಎಲ್ಲಿಗೆ ಹೋದೆನೆಂದು ಆರೋಪಿ ಯಾಕೆ ಹೇಳಲಿಲ್ಲ?” ಇದು ಪ್ರತಿವಾದದ ನಿಜವಾದ ದುರ್ಬಲ ಜಾಗ. ನುಣುಚಿಕೊಳ್ಳದೆ ಮೊದಲು ಒಪ್ಪಬೇಕು: “ಹೌದು ಸ್ವಾಮಿ, ಹೇಳಿಲ್ಲ.” ಆಮೇಲೆ ಉತ್ತರ: ಪ್ರಾಸಿಕ್ಯೂಷನ್ ತನ್ನ ಪಾಲನ್ನು ಮೊದಲು ರುಜುವಾತು ಮಾಡಬೇಕು, ಸರಪಳಿಯ ಕಳಚಿದ ಕೊಂಡಿಗೆ ಆರೋಪಿಯ ಮೌನ ಬದಲಿಯಾಗದು.

ವೈದ್ಯರು ಸಾವಿನ ಹೊತ್ತನ್ನು ರಾತ್ರಿ 8.30 ಎಂದಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ಆದ್ದರಿಂದ ಎಳೆ ಆರಿಸುವ ಮುಂಚೆ ಮರಣೋತ್ತರ ಪರೀಕ್ಷೆಯ ವರದಿಯನ್ನು ಓದಿ. ಮುಗಿಸುವಾಗ ಕೋರಿಕೆಯನ್ನು ನೇರವಾಗಿ ಹೇಳಿ: ಸಂಶಯದ ಲಾಭ ಕೊಟ್ಟು ಆರೋಪಿಯನ್ನು ಬಿಡುಗಡೆ ಮಾಡಬೇಕು.