ಮೀಟರಿನ 2.3 ಗಂಟೆಗೆ ಎಷ್ಟು ನಿಮಿಷ?

ಕಬಿನಿ ನಾಲೆಯ ನೀರುಂಡ ನಂಜನಗೂಡು, ತಿ. ನರಸೀಪುರದ ಗದ್ದೆಗಳಲ್ಲಿ ಡಿಸೆಂಬರ್ ಹೊತ್ತಿಗೆ ಭತ್ತದ ಕಟಾವು ಜೋರಾಗುತ್ತದೆ. ಈಗ ಕುಡುಗೋಲಿಗಿಂತ ಕಟಾವು ಯಂತ್ರದ್ದೇ ಹೆಚ್ಚು ಓಡಾಟ. ಬಾಡಿಗೆ ಸಾಮಾನ್ಯವಾಗಿ ಗಂಟೆ ಲೆಕ್ಕ. ಆ ಗಂಟೆಯನ್ನು ಹೇಳುವುದು ಚಾಲಕನ ಮುಂದಿರುವ ಪುಟ್ಟ ಅವರ್ ಮೀಟರ್. ಅದರ ಬಲತುದಿಯ ಅಂಕಿ ಉಳಿದವುಗಳಿಗಿಂತ ಬೇರೆ ಬಣ್ಣದಲ್ಲಿರುವುದುಂಟು. ಹಣದ ತಕರಾರು ಹುಟ್ಟುವುದು ಆ ಒಂದು ಅಂಕಿಯಲ್ಲೇ.

ಒಂದು ಲೆಕ್ಕ ನೋಡೋಣ. ಯಂತ್ರ ಗದ್ದೆಗೆ ಇಳಿದಾಗ ಮೀಟರ್ 1847.6, ಕೊನೆಯ ತಾಕು ಮುಗಿದಾಗ 1849.9. ಕಳೆದರೆ 2.3. ಇದನ್ನು 'ಎರಡೂವರೆ ಗಂಟೆ' ಎಂದು ಓದಿಬಿಡುವವರು ಬಹಳ. ಅವರನ್ನು ದೂರುವಂತಿಲ್ಲ. ನಮ್ಮ ಲಗ್ನಪತ್ರಿಕೆ, ದಿನಪತ್ರಿಕೆಗಳಲ್ಲಿ ಬೆಳಿಗ್ಗೆ 10.30 ಎಂದು ಚುಕ್ಕಿ ಇಟ್ಟೇ ಸಮಯ ಅಚ್ಚಾಗುತ್ತದೆ. ಅಲ್ಲಿ ಚುಕ್ಕಿಯ ಆಚೆಗಿರುವುದು ನಿಮಿಷ. ಮೀಟರಿನಲ್ಲಿ ಚುಕ್ಕಿಯ ಆಚೆಗಿರುವುದು ಗಂಟೆಯ ಹತ್ತನೇ ಭಾಗ, ಅಂದರೆ ಆರಾರು ನಿಮಿಷದ ತುಂಡು. ಚುಕ್ಕಿಯ ಈಚೆಗಿನ 2 ಹಾಗೇ ಗಂಟೆಯಾಗಿ ಉಳಿಯುತ್ತದೆ, ಆಚೆಗಿನ 0.3 ಅನ್ನು ಮಾತ್ರ 60ರಿಂದ ಗುಣಿಸಬೇಕು, 18 ಬರುತ್ತದೆ. ಹಾಗಾಗಿ ಕೆಲಸ ನಡೆದದ್ದು 2 ಗಂಟೆ 18 ನಿಮಿಷ. ಬಾಡಿಗೆ ಗಂಟೆಗೆ 2,400 ರೂಪಾಯಿ ಎಂದಿಟ್ಟುಕೊಂಡರೆ ನಿಮಿಷಕ್ಕೆ 40 ರೂಪಾಯಿ. ಎರಡೂವರೆ ಎಂದು ಓದಿದ ರೈತ 12 ನಿಮಿಷಕ್ಕೆ 480 ರೂಪಾಯಿ ಹೆಚ್ಚು ಕೊಟ್ಟಿರುತ್ತಾನೆ. ತಪ್ಪು ಯಾವಾಗಲೂ ಒಂದೇ ಕಡೆ ವಾಲುವುದಿಲ್ಲ. 2.8 ಬಂದಾಗ ಅದನ್ನು 2 ಗಂಟೆ 8 ನಿಮಿಷ ಎಂದು ಓದಿದರೆ ನಷ್ಟ ಯಂತ್ರದವನಿಗೆ. ನಿಜವಾಗಿ ಆದದ್ದು 2 ಗಂಟೆ 48 ನಿಮಿಷ.

ಪಂಚಾಂಗ ಬಲ್ಲವರಿಗೆ ಇಲ್ಲೊಂದು ಸೊಗಸಿದೆ. ದಿನಕ್ಕೆ 60 ಘಳಿಗೆಯಾದ್ದರಿಂದ ಒಂದು ಘಳಿಗೆಗೆ 24 ನಿಮಿಷ, ಮೀಟರಿನ ಲೆಕ್ಕದಲ್ಲಿ ಸರಿಯಾಗಿ 0.4.

ಆದರೆ ಗದ್ದೆ ಬದುವಿನ ಮೇಲೆ ಯಾರೂ 18 ನಿಮಿಷ ಎಂದು ಲೆಕ್ಕ ಚುಕ್ತಾ ಮಾಡುವುದಿಲ್ಲ. ಎರಡೂಕಾಲು, ಎರಡೂವರೆ, ಎರಡೂಮುಕ್ಕಾಲು, ನಮ್ಮ ಮಾತೇ ಕಾಲು ಗಂಟೆಯ ಮೆಟ್ಟಿಲಿನಲ್ಲಿ ನಡೆಯುತ್ತದೆ. ಹತ್ತಿರದ ಕಾಲಿಗೆ ಸರಿಮಾಡುವ ನಿಯಮ ಸುಲಭ: ಕಾಲು ಗಂಟೆ ಕಳೆದು 7 ನಿಮಿಷದವರೆಗೆ ಆಗಿದ್ದರೆ ಹಿಂದಕ್ಕೆ, 8 ಅಥವಾ ಹೆಚ್ಚು ಆಗಿದ್ದರೆ ಮುಂದಕ್ಕೆ. 2 ಗಂಟೆ 18 ನಿಮಿಷ ಎರಡೂಕಾಲಾಗುತ್ತದೆ.

ಯಾವುದನ್ನು ಸರಿಮಾಡುತ್ತೀರಿ ಎಂಬುದು ಮುಖ್ಯ. ಮೀಟರ್ ಕೆಟ್ಟಿದೆ, ಮೊಬೈಲಿನ ಗಡಿಯಾರ ನೋಡಿ ಬರೆದುಕೊಂಡಿರಿ ಎನ್ನೋಣ. ಶುರುವಾದದ್ದು 9:37ಕ್ಕೆ, ಮುಗಿದದ್ದು 11:53ಕ್ಕೆ. ಎರಡನ್ನೂ ಬೇರೆಬೇರೆಯಾಗಿ ಸರಿಮಾಡಿದರೆ 9:37 ಹಿಂದೆ ಸರಿದು 9:30, 11:53 ಮುಂದೆ ಜಿಗಿದು 12:00. ಲೆಕ್ಕ ಎರಡೂವರೆ ಗಂಟೆ. ಮೊದಲು ಕಳೆದು ನೋಡಿದರೆ ನಿಜವಾದ ಅವಧಿ 2 ಗಂಟೆ 16 ನಿಮಿಷ. ಅದನ್ನು ಸರಿಮಾಡಿದರೆ ಎರಡೂಕಾಲು. ಒಂದೇ ಕೆಲಸ, ಒಂದೇ ನಿಯಮ, 600 ರೂಪಾಯಿ ಅಂತರ. ಎರಡು ತುದಿಗಳನ್ನು ಸರಿಮಾಡಿದಾಗ ಎರಡು ತಪ್ಪುಗಳು ಸೇರಿ 14 ನಿಮಿಷದವರೆಗೆ ಹೋಗಬಹುದು. ಅವಧಿಯನ್ನಷ್ಟೇ ಸರಿಮಾಡಿದರೆ ತಪ್ಪು 7 ನಿಮಿಷ ದಾಟುವುದಿಲ್ಲ. ಕಳೆಯುವುದು ಮೊದಲು, ಸರಿಮಾಡುವುದು ಕೊನೆಗೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹತ್ತರ ಮೀಟರಿಗೂ ಕಾಲು ಗಂಟೆಗೂ ಇನ್ನೊಂದು ಹೊಂದಾಣಿಕೆಯ ಕೊರತೆ ಇದೆ. ಕಾಲು ಗಂಟೆ ಅಂದರೆ 0.25, ಮುಕ್ಕಾಲು ಅಂದರೆ 0.75. ಚುಕ್ಕಿಯ ಆಚೆ ಒಂದೇ ಅಂಕಿ ಇರುವ ಮೀಟರಿಗೆ ಇವೆರಡನ್ನೂ ತೋರಿಸಲು ಬರುವುದಿಲ್ಲ, ಕಾಲು ಗಂಟೆಯನ್ನು 0.2 ಇಲ್ಲವೇ 0.3 ಎನ್ನುತ್ತದೆ. ಉರುಳುವ ಗಾಲಿಯ ಮೀಟರ್ ಆದರೆ 2 ಮತ್ತು 3ರ ನಡುವೆ ಅಂಕಿ ಅರ್ಧ ನಿಂತಿರುವುದನ್ನು ಕಣ್ಣಲ್ಲೇ ಹಿಡಿಯಬಹುದು.

ಮೀಟರಿನ ಒಂದು ಗಂಟೆ ಗಡಿಯಾರದ ಒಂದು ಗಂಟೆಯೇ ಆಗಿರಬೇಕೆಂದೂ ಇಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಮೀಟರನ್ನು ಎಂಜಿನ್ನಿಗೆ ಕೇಬಲ್ ಮೂಲಕ ಜೋಡಿಸಿರುತ್ತಾರೆ. ಅದು ಎಣಿಸುವುದು ಸಮಯವನ್ನಲ್ಲ, ಎಂಜಿನ್ ಸುತ್ತುಗಳನ್ನು. ನಿಮಿಷಕ್ಕೆ 1,500 ಸುತ್ತಿಗೆ ಹೊಂದಿಸಿದ ಮೀಟರ್, ಎಂಜಿನ್ 750 ಸುತ್ತಿನಲ್ಲಿ ನಿಂತಲ್ಲೇ ಗುರುಗುಡುತ್ತಿದ್ದರೆ ಒಂದು ಗಂಟೆಯಲ್ಲಿ 0.5 ಮಾತ್ರ ಓಡುತ್ತದೆ. ಎಲೆಕ್ಟ್ರಾನಿಕ್ ಮೀಟರ್ ಹಾಗಲ್ಲ. ಎಂಜಿನ್ ನಡೆಯುತ್ತಿದ್ದರೆ ಸಾಕು, ಟ್ರೇಲರ್ ಬರಲೆಂದು ಕಾದು ನಿಂತಾಗಲೂ ಪೂರ್ತಿ ಸಮಯ ಎಣಿಸುತ್ತದೆ. ನಿಮ್ಮ ಗದ್ದೆಗೆ ಬಂದದ್ದು ಯಾವ ಬಗೆಯದು ಎಂದು ತಿಳಿಯಬೇಕಾದರೆ ಯಂತ್ರ ಕಾಯುತ್ತಾ ನಿಂತಾಗ ಮೊಬೈಲ್ ಹಿಡಿದು 12 ನಿಮಿಷ ನೋಡಿ. ಕೊನೆಯ ಅಂಕಿ ಎರಡು ಮನೆ ಮುಂದೆ ಹೋದರೆ ಅದು ಸಮಯದ ಮೀಟರ್, ಒಂದೇ ಮನೆ ಸರಿದರೆ ಸುತ್ತಿನ ಮೀಟರ್.