ಮೂವತ್ನಾಲ್ಕು ಮೂಟೆಯೋ, ಇಪ್ಪತ್ತೇಳೋ: ಬಂಡೂರು ಕುರಿ ಕೊಟ್ಟಿಗೆಯ ದಾಸ್ತಾನು ಲೆಕ್ಕ

ಬಿ.ಕಾಂ. ಪರೀಕ್ಷೆಯ ವೆಚ್ಚ ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ ಮಿತವ್ಯಯ ಆದೇಶ ಪ್ರಮಾಣದ ಪ್ರಶ್ನೆ ಬಂದರೆ ಅಲ್ಲಿ ಸಾಮಾನ್ಯವಾಗಿ ಒಂದು ಹೆಸರಿಲ್ಲದ ಕಾರ್ಖಾನೆ ಇರುತ್ತದೆ, ಹೆಸರಿಲ್ಲದ ಬಿಡಿಭಾಗ ಇರುತ್ತದೆ. ಅದೇ ಪ್ರಶ್ನೆಯನ್ನು ಮಳವಳ್ಳಿ ತಾಲ್ಲೂಕಿನ ಕುರಿ ಕೊಟ್ಟಿಗೆಗೆ ತಂದು ನೋಡೋಣ. ಬಂಡೂರು ಇದೇ ತಾಲ್ಲೂಕಿನ ಊರು. ಗಿಡ್ಡ ಕಾಲು, ದುಂಡು ಮೈ, ಬಿಳಿ ಉಣ್ಣೆಯ ಕುರಿ ತಳಿಗೆ ಈ ಊರಿನದೇ ಹೆಸರು. ಸರ್ಕಾರಿ ದಾಖಲೆಗಳಲ್ಲಿ ಅದು ಮಂಡ್ಯ ತಳಿ. ಮಾಂಸದ ರುಚಿಗೆ ಹೆಸರಾದ ಈ ಟಗರುಗಳನ್ನು ಬಕ್ರೀದ್ ಸಂತೆಗೆಂದು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವವರು ಮದ್ದೂರು, ಮಳವಳ್ಳಿ ಕಡೆ ಇದ್ದಾರೆ. ಅವರ ಖರ್ಚಿನಲ್ಲಿ ದೊಡ್ಡ ಪಾಲು ಕೈತಿಂಡಿಯದು: ಮುಸುಕಿನ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸ, ಉಪ್ಪು, ಖನಿಜ ಮಿಶ್ರಣ.

ಮುಂದಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ, ದಾರಿ ಬದಲಾಗುವುದಿಲ್ಲ.

ಕೊಟ್ಟಿಗೆಯಲ್ಲಿ 100 ಮರಿಗಳಿವೆ, ಒಂದಕ್ಕೆ ದಿನಕ್ಕೆ ಸರಾಸರಿ 300 ಗ್ರಾಂ ತಿಂಡಿ ಎಂದರೆ ದಿನಕ್ಕೆ 30 ಕಿಲೊ, ವರ್ಷಕ್ಕೆ 10,950 ಕಿಲೊ. ಐವತ್ತು ಕಿಲೊ ಮೂಟೆಯ ಲೆಕ್ಕದಲ್ಲಿ 219 ಮೂಟೆ. ಮೂಟೆಯ ಬೆಲೆ 1,500 ರೂಪಾಯಿ. ಒಮ್ಮೆ ಮಾಲು ತರಿಸಲು ಟೆಂಪೊ ಬಾಡಿಗೆ, ಹಮಾಲಿ, ಆ ದಿನದ ಅರ್ಧ ಕೂಲಿ ಸೇರಿ 800 ರೂಪಾಯಿ. ಹತ್ತು ಮೂಟೆ ತಂದರೂ ಐವತ್ತು ಮೂಟೆ ತಂದರೂ ಈ 800 ಬಹುಪಾಲು ಅಷ್ಟೇ. ಇದು ಆದೇಶ ವೆಚ್ಚ. ತಂದಿಟ್ಟ ಮೂಟೆಗೂ ಖರ್ಚಿದೆ. ಅದರಲ್ಲಿ ಸಿಕ್ಕಿಕೊಂಡ ಹಣಕ್ಕೆ ವರ್ಷಕ್ಕೆ ಶೇ. 12 ಬಡ್ಡಿ, ಇಲಿ, ಹುಳು, ಬೂಷ್ಟಿಗೆ ಹೋಗುವುದು ಶೇ. 8 ಎಂದಿಟ್ಟುಕೊಂಡರೆ ಒಟ್ಟು ಶೇ. 20. ಮೂಟೆಯೊಂದು ವರ್ಷವಿಡೀ ಕೊಟ್ಟಿಗೆಯಲ್ಲಿದ್ದರೆ ಅದರ ಇಡುವ ಖರ್ಚು 300 ರೂಪಾಯಿ.

ಸೂತ್ರ 1913ರಷ್ಟು ಹಳೆಯದು. ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಆ ವರ್ಷ ಅದನ್ನು ಪ್ರಕಟಿಸಿದ:

EOQ = √(2AO ÷ C)

A ವಾರ್ಷಿಕ ಬಳಕೆ, O ಒಂದು ಆದೇಶದ ವೆಚ್ಚ, C ಒಂದು ಮೂಟೆಯನ್ನು ವರ್ಷ ಇಡುವ ವೆಚ್ಚ. ನಮ್ಮ ಅಂಕಿ ಹಾಕಿದರೆ 2 × 219 × 800 ÷ 300 = 1,168. ಅದರ ವರ್ಗಮೂಲ 34.2, ಅಂದರೆ 34 ಮೂಟೆ. ವರ್ಷಕ್ಕೆ ಆರೇಳು ಸಲ, ಸುಮಾರು 57 ದಿನಕ್ಕೊಮ್ಮೆ ಟೆಂಪೊ ಬರುತ್ತದೆ.

ಪರೀಕ್ಷೆಯಲ್ಲಿ ಇಲ್ಲಿಗೆ ಅಂಕ ಸಿಕ್ಕಿಬಿಡುತ್ತದೆ. ಕೊಟ್ಟಿಗೆಯವನಿಗೆ ಬೇಕಾದ ಸಂಗತಿ ಇದರ ಅಕ್ಕಪಕ್ಕದಲ್ಲಿದೆ. ಬೇರೆ ಬೇರೆ ಪ್ರಮಾಣದಲ್ಲಿ ತಂದರೆ ವರ್ಷದ ಖರ್ಚು ಹೀಗಾಗುತ್ತದೆ (ಸರಾಸರಿ ದಾಸ್ತಾನು ತಂದದ್ದರ ಅರ್ಧ ಎಂಬ ಲೆಕ್ಕದಲ್ಲಿ):

| ಒಮ್ಮೆಗೆ ಮೂಟೆ | ತರಿಸುವ ಖರ್ಚು (ರೂ.) | ಇಡುವ ಖರ್ಚು (ರೂ.) | ಒಟ್ಟು (ರೂ.) |
|---|---|---|---|
| 10 | 17,520 | 1,500 | 19,020 |
| 20 | 8,760 | 3,000 | 11,760 |
| 27 | 6,489 | 4,050 | 10,539 |
| 34 | 5,153 | 5,100 | 10,253 |
| 50 | 3,504 | 7,500 | 11,004 |
| 100 | 1,752 | 15,000 | 16,752 |

34ರ ಸಾಲಿನಲ್ಲಿ ಎರಡೂ ಖರ್ಚು ಹೆಚ್ಚುಕಡಿಮೆ ಸಮ. ಉತ್ತರ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಎಲ್ಲೋ ಕಿಲೊ ಜಾಗದಲ್ಲಿ ಮೂಟೆಯನ್ನೋ, ವರ್ಷದ ಜಾಗದಲ್ಲಿ ತಿಂಗಳನ್ನೋ ಹಾಕಿದ್ದೀರಿ ಎಂದರ್ಥ. 27ಕ್ಕೆ ಇಳಿದರೆ ವರ್ಷಕ್ಕೆ ಹೆಚ್ಚಾಗುವುದು ಬರೀ 286 ರೂಪಾಯಿ. ತಳದಲ್ಲಿ ಈ ಲೆಕ್ಕ ಅಷ್ಟು ಚಪ್ಪಟೆ. ಆಚೀಚೆ ನಾಲ್ಕಾರು ಮೂಟೆ ಆದರೆ ಏನೂ ಮುಳುಗುವುದಿಲ್ಲ. ಮುಳುಗುವುದು ಹತ್ತು ಮೂಟೆಯ ಅಂಜುಬುರುಕನೂ ನೂರು ಮೂಟೆಯ ದೊಡ್ಡಸ್ತಿಕೆಯವನೂ.

ತಪ್ಪು ಹೆಚ್ಚಾಗಿ ಆಗುವುದು ಬಡ್ಡಿಯಲ್ಲಿ. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಯಾರೂ ಹೇಳುವುದಿಲ್ಲ, ‘ಎರಡು ರೂಪಾಯಿ ಬಡ್ಡಿ’ ಎನ್ನುತ್ತಾರೆ. ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ 24. ಇದನ್ನೇ ಶೇ. 2 ಎಂದು ಬರೆದುಕೊಂಡರೆ ಇಡುವ ಖರ್ಚು ಶೇ. 10ಕ್ಕೆ ಇಳಿದು, C 150 ಆಗಿ, ಉತ್ತರ 48 ಮೂಟೆ ಬರುತ್ತದೆ. ಸರಿಯಾಗಿ ಹಾಕಿದರೆ 24 ಮತ್ತು 8 ಸೇರಿ ಶೇ. 32, C 480 ರೂಪಾಯಿ. 3,50,400 ÷ 480 = 730, ವರ್ಗಮೂಲ 27. ಬ್ಯಾಂಕಿನ ಸಾಲಗಾರನಿಗೆ 34 ಮೂಟೆ ಸರಿ, ಕೈಸಾಲದವನಿಗೆ 27. ನಮ್ಮ ಕೊಟ್ಟಿಗೆ ಕೈಸಾಲದ್ದೇ ಎಂದಿಟ್ಟುಕೊಂಡು ಮುಂದೆ ಹೋಗೋಣ. 27 ಮೂಟೆ 45 ದಿನಕ್ಕೆ ಬರುತ್ತದೆ. ಮಳೆಗಾಲದಲ್ಲಿ ನುಚ್ಚು, ಹಿಂಡಿಯನ್ನು 57 ದಿನ ಇಡುವುದಕ್ಕಿಂತ ಇದು ಮೇಲು ಕೂಡ.

ಅಷ್ಟರಲ್ಲಿ ಅಂಗಡಿಯವರು ಒಂದು ಮಾತು ಹೇಳುತ್ತಾರೆ: ಅರವತ್ತು ಮೂಟೆ ಒಟ್ಟಿಗೆ ತಗೊಂಡರೆ ಮೂಟೆಗೆ 30 ರೂಪಾಯಿ ಕಡಿಮೆ. ವರ್ಷಕ್ಕೆ 6,570 ರೂಪಾಯಿ ಉಳಿತಾಯ. ಆದರೆ 60ರಂತೆ ತಂದರೆ ತರಿಸುವ ಮತ್ತು ಇಡುವ ಖರ್ಚು ಸೇರಿ 17,032 ಆಗುತ್ತದೆ. 27ರಲ್ಲಿ ಅದು 12,969. ಹೆಚ್ಚುವರಿ 4,063 ಕಳೆದರೆ ಉಳಿಯುವ ಲಾಭ 2,507. ಅರವತ್ತು ಮೂಟೆ ಕರಗಲು ನೂರು ದಿನ ಬೇಕು. ಆ ನೂರು ದಿನದೊಳಗೆ ಮಳೆಗಾಲ ಬಿದ್ದು, ನಾವು ಮೊದಲೇ ಹಿಡಿದ ಶೇ. 8ರ ಮೇಲೆ ವರ್ಷಕ್ಕೆ ಎರಡೇ ಮೂಟೆ ಹಾಳಾದರೂ ರಿಯಾಯಿತಿ ನಷ್ಟವಾಗಿ ತಿರುಗುತ್ತದೆ. ನಾನಾದರೆ ಬೇಸಿಗೆಯಲ್ಲಿ ಒಪ್ಪುತ್ತೇನೆ, ಜೂನ್ ನಂತರ ಒಪ್ಪುವುದಿಲ್ಲ. ಬೂಷ್ಟು ಹಿಡಿದ ಹಿಂಡಿ, ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಕುರಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಮೂಟೆಯೊಳಗೆ ಮೊಣಕೈವರೆಗೆ ಕೈ ಹಾಕಿದಾಗ ಬಿಸಿ ತಾಗಿದರೆ, ಹೆಂಟೆ ಸಿಕ್ಕರೆ, ಮುಗ್ಗಲು ವಾಸನೆ ಬಂದರೆ ಆ ಮೂಟೆ ಮುಗಿಯಿತು. ಬಿಸಿಲಿಗೆ ಹಾಕಿ ಒಣಗಿಸಿದರೆ ವಾಸನೆ ಹೋದೀತು, ವಿಷ ಹೋಗದು.

ಎಷ್ಟು ತರಿಸಬೇಕೆಂಬುದಾಯಿತು. ಯಾವಾಗ ಫೋನ್ ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ವರ್ಗಮೂಲ ಬೇಕಿಲ್ಲ. ಅದು ಮರು ಆದೇಶ ಮಟ್ಟ: ಗರಿಷ್ಠ ಬಳಕೆಯನ್ನು ಮಾಲು ಬರಲು ಹಿಡಿಯುವ ಗರಿಷ್ಠ ದಿನಗಳಿಂದ ಗುಣಿಸಬೇಕು. ನಮ್ಮ ಕೊಟ್ಟಿಗೆಯಲ್ಲಿ ದಿನದ ಬಳಕೆ ಕಡಿಮೆಯೆಂದರೆ 20 ಕಿಲೊ, ಸಾಮಾನ್ಯ 30, ಹಬ್ಬದ ಮುಂಚೆ ಮರಿಗೆ 400 ಗ್ರಾಂ ಹಾಕುವಾಗ 40. ಮಾಲು ಬೇಗ ಬಂದರೆ 2 ದಿನ, ಸಾಮಾನ್ಯವಾಗಿ 4, ತಡವಾದರೆ 7.

ಮರು ಆದೇಶ ಮಟ್ಟ 40 × 7 = 280 ಕಿಲೊ. ಅಂದರೆ ಆರನೇ ಮೂಟೆಗೆ ಬಂದಾಗ ಫೋನ್ ಹೋಗಬೇಕು. ಸರಾಸರಿಯನ್ನೇ ನಂಬಿ 30 × 4 = 120 ಕಿಲೊ ಉಳಿದಾಗ ಫೋನ್ ಮಾಡುವವನು ಕಷ್ಟದ ವಾರದಲ್ಲಿ 160 ಕಿಲೊ ಸಾಲದೆ ಬೀಳುತ್ತಾನೆ, ನಾಲ್ಕು ದಿನ ಮರಿಗಳಿಗೆ ತಿಂಡಿ ಇರುವುದಿಲ್ಲ. ಈ ನಾಲ್ಕು ದಿನದ ನಷ್ಟ ತೂಕದ್ದಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಐದನೇ ದಿನ ಟೆಂಪೊ ಬಂದಾಗ ಹಸಿದ ಮರಿಗಳಿಗೆ ಒಂದೇ ಸಲ ತುಂಬ ಸುರಿಯುತ್ತಾರೆ. ದಿಢೀರನೆ ಕಾಳು ತಿಂಡಿ ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ, ಕರುಳುಬೇನೆಯ ರೋಗಾಣು ಚಿಗುರುತ್ತದೆ. ಚೆನ್ನಾಗಿ ತಿಂದು ಕೊಬ್ಬಿದ ಮರಿಯೇ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವುದು ಇದರಲ್ಲೇ. ಕೊರತೆಯಾದರೂ ತಿಂಡಿಯನ್ನು ಮತ್ತೆ ಏರಿಸುವುದು ವಾರ, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿಯೇ.

ಉಳಿದ ಎರಡು ಮಟ್ಟ ಇದರಿಂದಲೇ ಬರುತ್ತವೆ. ಕನಿಷ್ಠ ಮಟ್ಟ 280 − (30 × 4) = 160 ಕಿಲೊ. ದಾಸ್ತಾನು ಇಲ್ಲಿಗಿಳಿದರೂ ಟೆಂಪೊ ಬಂದಿಲ್ಲವೆಂದರೆ ಕಾಯಬಾರದು, ಅದೇ ಬಗೆಯ ತಿಂಡಿಯ ಎರಡು ಮೂಟೆಯನ್ನು ಹತ್ತಿರದ ಅಂಗಡಿಯಿಂದ ಚಿಲ್ಲರೆ ಬೆಲೆಗಾದರೂ ತರಬೇಕು. ಗರಿಷ್ಠ ಮಟ್ಟ 280 + 1,350 − (20 × 2) = 1,590 ಕಿಲೊ, ಸುಮಾರು 32 ಮೂಟೆ. ನಾಲ್ಕರಂತೆ ಪೇರಿಸಿದರೆ ಎಂಟು ಸಾಲಿನ ಜಾಗ, ನೆಲದಿಂದ ಹಲಗೆಯಷ್ಟು ಎತ್ತರ, ಗೋಡೆಯಿಂದ ಒಂದಡಿ ದೂರ. ಕನಿಷ್ಠ ಮಟ್ಟದ 160 ಕಿಲೊ, ಅಂದರೆ 3.2 ಮೂಟೆ ಸದಾ ಇರುವುದಕ್ಕೂ ವರ್ಷಕ್ಕೆ 1,536 ರೂಪಾಯಿ ಬೀಳುತ್ತದೆ. ಮೇಲಿನ ಯಾವ ಮೊತ್ತದಲ್ಲೂ ಇದು ಸೇರಿಲ್ಲ. ದಿನಕ್ಕೆ ನಾಲ್ಕು ರೂಪಾಯಿ ಚಿಲ್ಲರೆಗೆ ನೂರು ಮರಿಯ ವಿಮೆ ಎಂದುಕೊಂಡರೆ ದುಬಾರಿಯಲ್ಲ. ಒಂದೇ ಎಚ್ಚರ: ಕಾದಿಟ್ಟ ಮೂಟೆಗಳು ಮೂಲೆಯಲ್ಲೇ ಕೂತು ಹಳತಾಗಬಾರದು. ಹೊಸ ಮಾಲು ಬಂದ ದಿನ ಹಳೆಯವನ್ನು ಮುಂದಕ್ಕೆಳೆದು, ಹೊಸದರಲ್ಲಿ ಆರಕ್ಕೆ ಬಣ್ಣದ ಗುರುತು ಹಾಕಿ ಹಿಂದಿಟ್ಟರೆ, ಗುರುತಿನ ಮೊದಲ ಮೂಟೆ ಬಿಚ್ಚುವ ದಿನವೇ ಫೋನ್ ಮಾಡುವ ದಿನ. ಪುಸ್ತಕ ತೆರೆಯುವ ಕೆಲಸವೂ ತಪ್ಪುತ್ತದೆ.

ರಾಗಿ ಹುಲ್ಲಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ವರ್ಷವಿಡೀ ಒಂದೇ ಬೆಲೆಗೆ ಮಾಲು ಸಿಗುತ್ತದೆ ಎಂಬುದು ಹ್ಯಾರಿಸನ ಸೂತ್ರದ ತಳಪಾಯ. ಹುಲ್ಲು ಸುಗ್ಗಿಯಲ್ಲಿ ಸಸ್ತಾ, ಬೇಸಿಗೆಯಲ್ಲಿ ದುಬಾರಿ. ಆದ್ದರಿಂದ ಸುಗ್ಗಿಯಲ್ಲೇ ವರ್ಷದ್ದು ಕೊಂಡು ಮೆದೆ ಹಾಕುತ್ತಾರೆ, ಅದೇ ಸರಿ.

ಸೂತ್ರದ ಇನ್ನೊಂದು ತಳಪಾಯ ಬಳಕೆ ದಿನವೂ ಒಂದೇ ಎಂಬುದು. ಬಕ್ರೀದ್ ಅದನ್ನು ಅಲುಗಿಸುತ್ತದೆ. 2025ರಲ್ಲಿ ಹಬ್ಬ ಜೂನ್ 7ಕ್ಕೆ ಬಂತು, ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹಬ್ಬಕ್ಕೆ 25 ದಿನವಿರುವಾಗ ದಾಸ್ತಾನು 280 ಕಿಲೊಗೆ ಇಳಿಯಿತು ಎನ್ನಿ. ಅಭ್ಯಾಸಬಲದಿಂದ 27 ಮೂಟೆ ಹೇಳಿದರೆ, ದಿನಕ್ಕೆ 40ರಂತೆ 1,000 ಕಿಲೊ ಖರ್ಚಾಗಿ ಹಬ್ಬದ ದಿನಕ್ಕೆ 630 ಕಿಲೊ ಉಳಿಯುತ್ತದೆ. ಅಷ್ಟರಲ್ಲಿ ಮೂರರಲ್ಲೊಂದು ಪಾಲು ಟಗರು ಮಾರಿಹೋಗಿ ಬಳಕೆ 20 ಕಿಲೊಗೆ ಬಿದ್ದಿರುತ್ತದೆ, ಮೊದಲೇ ಹಳತಾದ ತಿಂಡಿ ಇನ್ನೊಂದು ತಿಂಗಳು ಕೂರುತ್ತದೆ. ಬೇಕಿರುವುದು 1,000 ಮತ್ತು ಕನಿಷ್ಠ ಮಟ್ಟದ 160 ಸೇರಿ 1,160. ಇರುವ 280 ಕಳೆದರೆ 880 ಕಿಲೊ, ಅಂದರೆ 18 ಮೂಟೆ. ಟೆಂಪೊ ಬಾಡಿಗೆ ಅಷ್ಟೇ ಆದರೂ ಆ ಸಲ 18 ಮೂಟೆಯೇ ಸರಿ. ಹಬ್ಬ ಕಳೆದ ಮೇಲೆ ಕೈಯಲ್ಲಿ 180 ಕಿಲೊ, ಒಂಬತ್ತು ದಿನದ ತಿಂಡಿ ಇರುತ್ತದೆ. ಬಳಕೆ 20ಕ್ಕೆ ಇಳಿದ ಮೇಲೆ ಫೋನ್ ಮಾಡುವ ಮಟ್ಟವೂ 20 × 7 = 140 ಕಿಲೊಗೆ ಇಳಿಯುವುದರಿಂದ, ಸಂತೆಯಿಂದ ಬಂದವನು ಎರಡು ದಿನ ಸುಧಾರಿಸಿಕೊಂಡು ಅಂಗಡಿಗೆ ಫೋನ್ ಮಾಡಬಹುದು.