ತಗಡಿನ ಶೆಡ್ಡಿನ ಅಳತೆ

ಬೆಂಗಳೂರಿನ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳ ಬಗ್ಗೆ ವಿದ್ಯಾರ್ಥಿ ಸಮ್ಮೇಳನಕ್ಕೆ ಸಿದ್ಧವಾಗುವ ಪೋಸ್ಟರಿನ ಸಾರಾಂಶದಲ್ಲಿ ‘ವಸತಿ ಶೋಚನೀಯ’ ಎಂಬ ಮಾತಿಗೆ ಬೆಲೆ ಕಡಿಮೆ, ಅಳತೆ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಶೆಡ್ಡಿನಲ್ಲಿ ಐವರು ಮಲಗಿದರೆ ತಲೆಗೆ 20 ಚದರಡಿ, ಅಂದರೆ ಒಂದು ಚಾಪೆ ಹಾಸಿದರೆ ಮುಗಿಯಿತು. ಎಣಿಕೆ ರಾತ್ರಿಯೇ ನಡೆಯಬೇಕು. ಹಗಲಲ್ಲಿ ಹೆಚ್ಚಿನವರು ಕೆಲಸದಲ್ಲಿರುತ್ತಾರೆ.

ಮಾಲೀಕರು ಉಚಿತ ತಾತ್ಕಾಲಿಕ ವಸತಿಯ ಜೊತೆಗೆ ಅಡುಗೆ, ಸ್ನಾನ, ಶೌಚದ ವ್ಯವಸ್ಥೆಯನ್ನೂ ಮಾಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ಹೇಳಿತ್ತು. ಕಂಡದ್ದನ್ನು ಅದರ ಪಕ್ಕದಲ್ಲಿಟ್ಟರೆ ಕೊರತೆ ಎದ್ದು ಕಾಣುತ್ತದೆ.

ಗುತ್ತಿಗೆದಾರರು ಒಳಗೆ ಬಿಟ್ಟ ಕಡೆಗಳನ್ನಷ್ಟೇ ನೋಡಿದ್ದರೆ, ಖಾಲಿ ಸೈಟಿಗೆ ಬಾಡಿಗೆ ತೆತ್ತು ಟಾರ್ಪಾಲಿನಡಿ ಬದುಕುವ ಯಾದಗಿರಿ, ರಾಯಚೂರಿನ ಕುಟುಂಬಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಆ ಮಿತಿಯನ್ನು ಪೋಸ್ಟರಿನಲ್ಲೇ ಬರೆಯಬೇಕು.